ನಡುವೆಯೇ ತುಳುಕುವ ಗಟರ್

ಪ್ರಶ್ನೆ: ತೀರ್ಥಹಳ್ಳಿ ಕಡೆಯ ನಮ್ಮ ಹೆಂಚಿನ ಮನೆಯ ಸೂರಿಗೆ 12 ಮೀಟರ್ ಉದ್ದದ ಪಿವಿಸಿ ಗಟರ್ ಹಾಕಿಸಿದ್ದೇವೆ. ಇಳಿಯುವ ಪೈಪು ಒಂದೇ ತುದಿಯಲ್ಲಿದೆ. ಜೋರು ಮಳೆಗೆ ನೀರು ನಡುವೆಯೇ ತುಳುಕುತ್ತದೆ. ದೊಡ್ಡ ಗಟರ್ ಬೇಕೇ?

ಉತ್ತರ: ಸದ್ಯಕ್ಕೆ ಬೇಡ. ನೀವು ಕಳಿಸಿದ ಫೋಟೋದಲ್ಲಿ ಬ್ರಾಕೆಟ್‌ಗಳು ಮೀಟರಿಗೊಂದರಂತೆ ಇವೆ. ನಡುವೆ ಗಟರ್ ಜೋತುಬಿದ್ದಿದೆ. ತುಳುಕುತ್ತಿರುವುದು ಅಲ್ಲೇ.

ಎರಡೂ ತುದಿಗೆ 4 ಇಂಚಿನ ಪೈಪು ಇಳಿಸಿ, ನಡುಭಾಗವನ್ನು ಎತ್ತರವಾಗಿಡಿ. ಮೀಟರಿಗೆ 5 ಮಿ.ಮೀ. ಇಳಿಜಾರು ಸಾಕು. ನಿಮ್ಮ ಲೆಕ್ಕದಲ್ಲಿ ಪ್ರತಿ ಬದಿಗೆ 6 ಮೀಟರ್, ಅಂದರೆ ತುದಿ ನಡುವಿಗಿಂತ 30 ಮಿ.ಮೀ. ಕೆಳಗಿರಬೇಕು. ಸೂರಿನ ಹಲಗೆಯ ಅಂಚನ್ನು ನಂಬಬೇಡಿ, ಹಳೇ ಮನೆಯ ಸೂರು ನೇರವಿರುವುದು ಅಪರೂಪ. ನೀರು ತುಂಬಿದ ಲೆವೆಲ್ ಪೈಪಿನಲ್ಲಿ ಮಟ್ಟ ಗುರುತಿಸಿ, ಮೊದಲು ನಡುವಿನ ಮತ್ತು ತುದಿಯ ಬ್ರಾಕೆಟ್ ಕೂರಿಸಿ, ದಾರ ಬಿಗಿದು ಕಟ್ಟಿ. ಉಳಿದವು ಆ ದಾರಕ್ಕೆ ತಾಗುವಂತೆ ಅರ್ಧ ಮೀಟರಿಗೊಂದು ಬರಲಿ. ಜೋಡಣೆಯ ಎರಡೂ ಪಕ್ಕದಲ್ಲಿ ಹಾಗೂ ಪೈಪಿನ ಬಾಯಿಯ ಬಳಿ ತಪ್ಪದೆ ಒಂದೊಂದಿರಲಿ. ಮೊಳೆ ಬೇಡ, ತುಕ್ಕು ಹಿಡಿಯದ ಸ್ಕ್ರೂ ಹಾಕಿಸಿ.

ಹೆಂಚಿನ ತುದಿ ಗಟರಿನೊಳಗೆ ಸುಮಾರು 5 ಸೆಂ.ಮೀ. ಚಾಚಿರಬೇಕು. ಕಡಿಮೆಯಾದರೆ ನೀರು ಹಿಂದೆ ಹರಿದು ಹಲಗೆ ನೆನೆಯುತ್ತದೆ. ಹೆಚ್ಚಾದರೆ ನೀರು ಗಟರನ್ನೇ ಹಾರಿಹೋಗುತ್ತದೆ.

ಕೆಲಸ ಮುಗಿದ ಮೇಲೆ ನಡುವಿನಲ್ಲಿ ಒಂದು ಬಕೆಟ್ ನೀರು ಸುರಿದು ನೋಡಿ. ಎಲ್ಲಾದರೂ ನೀರು ನಿಂತರೆ ಅಲ್ಲಿನ ಬ್ರಾಕೆಟ್ ಸರಿಯಿಲ್ಲ.

ಬ್ರಾಕೆಟ್ ಕೂರಿಸುವಾಗ ಸ್ಕ್ರೂಡ್ರೈವರ್ ತುದಿ ಹಲಗೆಗೋ ಪಕಾಸಿಗೋ ಸಲೀಸಾಗಿ ಇಳಿದರೆ ಮರ ಕುಂಬಾಗಿದೆ ಎಂದರ್ಥ. ಆಗ ಗಟರ್ ಕೆಲಸ ನಿಲ್ಲಿಸಿ, ಮೊದಲು ಬಡಗಿಯನ್ನು ಕರೆಸಿ.