ಪಿಪಿಎಫ್: ಬಡ್ಡಿ ಬದಲಾಗುತ್ತಿದ್ದರೆ ಕೊನೆಗೆ ಬರುವ ಮೊತ್ತವನ್ನು ಅಂದಾಜು ಮಾಡುವುದು ಹೇಗೆ?

ಮೈಸೂರಿನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಶಾಖೆಯೊಂದರಲ್ಲಿ 2009ರ ಏಪ್ರಿಲ್ ಮೊದಲ ವಾರ ನಾನು ಪಿಪಿಎಫ್ ಖಾತೆ ತೆರೆದೆ. ಪ್ರತಿ ವರ್ಷ ಏಪ್ರಿಲ್ 5ರೊಳಗೆ 50,000 ರೂಪಾಯಿ ಕಟ್ಟುತ್ತಾ ಬಂದೆ. 2017ರ ಏಪ್ರಿಲ್ 1ಕ್ಕೆ ಆ ಬ್ಯಾಂಕು ಎಸ್‌ಬಿಐ ಜೊತೆ ವಿಲೀನವಾಯಿತು, ಪಾಸ್‌ಬುಕ್ ಬದಲಾಯಿತು. ಬಡ್ಡಿ ದರವನ್ನು ಕೇಂದ್ರ ಸರ್ಕಾರವೇ ನಿಗದಿ ಮಾಡುವುದರಿಂದ ಎಲ್ಲ ಬ್ಯಾಂಕು, ಅಂಚೆ ಕಚೇರಿಗಳಲ್ಲೂ ಅದು ಒಂದೇ. ಹಾಗಾಗಿ ನನ್ನ ಲೆಕ್ಕದಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. 2025ರ ಮಾರ್ಚ್ 31ಕ್ಕೆ ಅವಧಿ ಮುಗಿದಾಗ ಕಟ್ಟಿದ್ದು 8 ಲಕ್ಷ, ಬಂದದ್ದು 15,91,451 ರೂಪಾಯಿ.

ಈಚೆಗೆ ಕುವೆಂಪುನಗರದ ನಮ್ಮ ಬೀದಿಯ ಹುಡುಗಿಯೊಬ್ಬಳು ಹೊಸದಾಗಿ ಖಾತೆ ತೆರೆಯುವವಳಿದ್ದಳು. "ಆಂಟಿ, ವರ್ಷಕ್ಕೆ ಐವತ್ತು ಸಾವಿರ ಕಟ್ಟಿದರೆ ಹದಿಮೂರೂವರೆ ಲಕ್ಷ ಅಂತ ಆ್ಯಪ್ ತೋರಿಸುತ್ತೆ. ನಿಮಗೆ ಹೆಂಗೆ ಹದಿನಾರು ಲಕ್ಷದ ಹತ್ತಿರ ಬಂತು?" ಎಂದು ಕೇಳಿದಳು. ಅವಳಿಗೆ ಕೂತು ವಿವರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಖಾತೆ ಇಟ್ಟುಕೊಂಡ ಪ್ರತಿಯೊಬ್ಬರಿಗೂ ಈ ಲೆಕ್ಕ ಕೈವಶವಾಗಬೇಕು ಎನ್ನುವುದು ನನ್ನ ಆಸೆ.

ಕಂತು ಹದಿನೈದೋ ಹದಿನಾರೋ

ಆ್ಯಪ್ ಹೇಳಿದ್ದು ಸುಳ್ಳಲ್ಲ. ಅದು ಎರಡು ವಿಷಯಗಳನ್ನು ತಾನೇ ನಿರ್ಧರಿಸಿಕೊಂಡಿರುತ್ತದೆ: ಕಂತುಗಳು ಹದಿನೈದು, ಬಡ್ಡಿ ಕೊನೆಯವರೆಗೂ ಈಗಿನ ಶೇ 7.1. ಆ ಪ್ರಕಾರ 13,56,070 ರೂಪಾಯಿ ಬರುತ್ತದೆ.

ಆದರೆ ಪಿಪಿಎಫ್‌ನ ಹದಿನೈದು ವರ್ಷ ಶುರುವಾಗುವುದು ಖಾತೆ ತೆರೆದ ದಿನದಿಂದಲ್ಲ, ತೆರೆದ ಹಣಕಾಸು ವರ್ಷ ಮುಗಿದ ಮೇಲೆ. ನಾನು ತೆರೆದದ್ದು 2009-10ರಲ್ಲಿ. ಆ ವರ್ಷ 2010ರ ಮಾರ್ಚ್ 31ಕ್ಕೆ ಮುಗಿಯಿತು, ಅಲ್ಲಿಂದ ಹದಿನೈದು ವರ್ಷ ಎಂದರೆ 2025ರ ಮಾರ್ಚ್ 31. ಮೊದಲ ವರ್ಷವೂ ಸೇರಿ ಹದಿನಾರು ಕಂತು ಕಟ್ಟಲು ಅವಕಾಶವಾಯಿತು. ಏಪ್ರಿಲ್‌ನಲ್ಲಿ ತೆರೆದವರಿಗೂ ಮರುವರ್ಷದ ಮಾರ್ಚ್‌ನಲ್ಲಿ ತೆರೆದವರಿಗೂ ಅವಧಿ ಮುಗಿಯುವುದು ಒಂದೇ ದಿನ. ಏಪ್ರಿಲ್‌ನಲ್ಲಿ ತೆರೆದವರ ಮೊದಲ ಕಂತಿಗೆ ಮಾತ್ರ ಇಡೀ ಒಂದು ವರ್ಷದ ಬಡ್ಡಿ ಹೆಚ್ಚು ಸಿಗುತ್ತದೆ. ಅದೇ ಶೇ 7.1ಕ್ಕೆ ಹದಿನಾರು ಕಂತಿನ ಲೆಕ್ಕ ಹಾಕಿದರೆ ಆ್ಯಪ್‌ನ ಹದಿಮೂರೂವರೆ ಲಕ್ಷ 15.06 ಲಕ್ಷವಾಗುತ್ತದೆ. ಹುಡುಗಿಯ ಪ್ರಶ್ನೆಗೆ ಅರ್ಧಕ್ಕಿಂತ ಹೆಚ್ಚು ಉತ್ತರ ಇಲ್ಲೇ ಸಿಕ್ಕಿತು. ಉಳಿದದ್ದು ಬಡ್ಡಿ ದರದ ಏರಿಳಿತದ್ದು.

ಒಂದು ವರ್ಷದ ಬಡ್ಡಿ

ತಿಂಗಳ 5ನೇ ತಾರೀಕು ಮುಗಿದಾಗಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಆ ತಿಂಗಳ ಬಡ್ಡಿ ಲೆಕ್ಕವಾಗುತ್ತದೆ. ಹನ್ನೆರಡು ತಿಂಗಳ ಬಡ್ಡಿಯನ್ನು ಒಟ್ಟಿಗೆ ಮಾರ್ಚ್ 31ಕ್ಕೆ ಜಮಾ ಮಾಡುತ್ತಾರೆ. ವರ್ಷದ ನಡುವೆ ಬಡ್ಡಿಗೆ ಬಡ್ಡಿ ಸೇರುವುದಿಲ್ಲ. ಏಪ್ರಿಲ್ 5ರೊಳಗೆ 50,000 ಕಟ್ಟಿದರೆ ಶೇ 7.1ರಲ್ಲಿ ಆ ಕಂತಿಗೇ ಆ ವರ್ಷ 3,550 ರೂಪಾಯಿ ಬಡ್ಡಿ. ಮಾರ್ಚ್ ಕೊನೆಯಲ್ಲಿ ತೆರಿಗೆ ಉಳಿಸಲೆಂದು ಕಟ್ಟಿದರೆ ಆ ವರ್ಷದ ಮಟ್ಟಿಗೆ ಆ ಕಂತಿಗೆ ಸೊನ್ನೆ.

2016ರ ಏಪ್ರಿಲ್‌ನಿಂದ ಸರ್ಕಾರ ದರವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. ಹಾಗಾಗಿ ಒಂದೇ ವರ್ಷದಲ್ಲಿ ಎರಡು ಮೂರು ದರಗಳು ಬರಬಹುದು. 2017-18 ಅಂಥ ವರ್ಷ. ಮೊದಲ ಮೂರು ತಿಂಗಳು ಶೇ 7.9, ಮುಂದಿನ ಆರು ತಿಂಗಳು 7.8, ಕೊನೆಯ ಮೂರು ತಿಂಗಳು 7.6. ಏಪ್ರಿಲ್ ಕಂತು ಸೇರಿ ನನ್ನ ಖಾತೆಯಲ್ಲಿ ಆಗ 6,36,646 ರೂಪಾಯಿ ಇತ್ತು. ಮೊದಲ ತ್ರೈಮಾಸಿಕಕ್ಕೆ 12,574, ನಡುವಿನ ಎರಡಕ್ಕೆ ತಲಾ 12,415, ಕೊನೆಯದಕ್ಕೆ 12,096, ಪೈಸೆಗಳನ್ನು ಹೊಂದಿಸಿದರೆ ಒಟ್ಟು 49,499. ನಾಲ್ಕು ತ್ರೈಮಾಸಿಕದ ದರಗಳ ಸರಾಸರಿ 7.775 ಇಟ್ಟು ಗುಣಿಸಿದರೂ ಇದೇ ಬರುತ್ತದೆ. ಆದರೆ ವರ್ಷವಿಡೀ ಖಾತೆಯ ಮೊತ್ತ ಬದಲಾಗದಿದ್ದರೆ ಮಾತ್ರ ಈ ಸುಲಭ ದಾರಿ ಸರಿ. ತಿಂಗಳು ತಿಂಗಳು ಕಟ್ಟುವವರು ಪ್ರತಿ ತಿಂಗಳಿಗೂ ಬೇರೆ ಸಾಲು ಬರೆಯಬೇಕು.

ವರ್ಷಕ್ಕೊಂದು ಸಾಲು

ದರ ಬದಲಾಗುವಾಗ ಚಕ್ರಬಡ್ಡಿಯ ಒಂದೇ ಸೂತ್ರದಲ್ಲಿ ಕೊನೆಯ ಮೊತ್ತ ಸಿಗುವುದಿಲ್ಲ. ವರ್ಷಕ್ಕೊಂದು ಸಾಲು ಬರೆದು ಮುಂದೆ ಸಾಗುವುದೇ ದಾರಿ. ನೋಟ್‌ಬುಕ್ಕಿನಲ್ಲಾದರೂ ಸರಿ, ಎಕ್ಸೆಲ್‌ನಲ್ಲಾದರೂ ಸರಿ. A ಕಾಲಂನಲ್ಲಿ ವರ್ಷ, B ಆರಂಭದ ಶಿಲ್ಕು, C ಏಪ್ರಿಲ್ ಕಂತು, D ಆ ವರ್ಷದ ದರ, E ಬಡ್ಡಿ, F ಕೊನೆಯ ಶಿಲ್ಕು.

```
E2: =ROUND((B2+C2)*D2/100,0)
F2: =B2+C2+E2
B3: =F2
```

ನಂತರ ಕೆಳಕ್ಕೆ ಎಳೆದುಕೊಂಡು ಹೋದರಾಯಿತು. ನನ್ನ D ಕಾಲಂ ಹೀಗಿತ್ತು: ಮೊದಲೆರಡು ವರ್ಷ 8. 2011ರ ಡಿಸೆಂಬರ್‌ನಲ್ಲಿ ದರ 8.6ಕ್ಕೆ ಏರಿದ್ದರಿಂದ ಮೂರನೆಯ ವರ್ಷದ ಸರಾಸರಿ 8.2. ಆಮೇಲೆ 8.8, ಮೂರು ವರ್ಷ 8.7, ಮುಂದೆ 8.05, 7.775, 7.8, 7.925. ಕೊನೆಯ ಐದು ವರ್ಷವೂ 7.1. ವರ್ಷಕ್ಕೊಮ್ಮೆ ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ಮಾರ್ಚ್ 31ರ ಬಡ್ಡಿಯನ್ನು E ಕಾಲಂ ಜೊತೆ ತಾಳೆ ನೋಡಬೇಕು. ಒಂದೆರಡು ರೂಪಾಯಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಯಾವುದೋ ಕಂತು 5ನೇ ತಾರೀಕು ದಾಟಿ ಜಮಾ ಆಗಿದೆಯೇ ಎಂದು ಮೊದಲು ನೋಡಿ. 50,000ಕ್ಕೆ ಒಂದು ತಿಂಗಳ ಬಡ್ಡಿ ಶೇ 7.1ರಲ್ಲಿ 296 ರೂಪಾಯಿ. ವ್ಯತ್ಯಾಸ ಅದರ ಆಸುಪಾಸಿನಲ್ಲಿದ್ದರೆ ಕಾರಣ ಅದೇ.

ಸರಾಸರಿ ದರ ಏಕೆ ಸಾಲದು

ಹದಿನಾರು ದರಗಳ ಸರಾಸರಿ ತೆಗೆದು ಅದನ್ನೇ ಎಲ್ಲ ವರ್ಷಕ್ಕೂ ಹಾಕಿದರೆ ಆಗದೇ ಎಂದು ಆ ಹುಡುಗಿ ಕೇಳಿದಳು. ನನ್ನ ದರಗಳ ಸರಾಸರಿ 7.884. ಅದನ್ನು ಹಾಕಿದರೆ 16.20 ಲಕ್ಷ ಬರುತ್ತದೆ, ನಿಜವಾಗಿ ಬಂದದ್ದು 15.91 ಲಕ್ಷ. ಇಪ್ಪತ್ತೆಂಟು ಸಾವಿರಕ್ಕೂ ಹೆಚ್ಚು ವ್ಯತ್ಯಾಸ.

ಕಾರಣ ಕಣ್ಣಿಗೆ ಕಾಣಲಿ ಎಂದು ಅವಳ ಮುಂದೆಯೇ D ಕಾಲಂ ಅನ್ನು ತಲೆಕೆಳಗು ಮಾಡಿದೆ. 7.1ರ ಐದು ವರ್ಷ ಮೊದಲು, 8ರ ಎರಡು ವರ್ಷ ಕೊನೆಗೆ. ಕಂತು ಅಷ್ಟೇ, ದರಗಳೂ ಅವೇ, ಕ್ರಮ ಮಾತ್ರ ಬೇರೆ. ಮೊತ್ತ 16,53,396 ಆಯಿತು, ನನಗೆ ಬಂದದ್ದಕ್ಕಿಂತ ಸುಮಾರು 62,000 ಹೆಚ್ಚು.

ವರ್ಷ ವರ್ಷ ಕಟ್ಟುವ ಖಾತೆಯಲ್ಲಿ ಮೊದಲ ವರ್ಷ ಬಡ್ಡಿ ದುಡಿಯುವುದು 50,000ದ ಮೇಲೆ, ಕೊನೆಯ ವರ್ಷ ಸುಮಾರು 15 ಲಕ್ಷದ ಮೇಲೆ. ನನ್ನ ಖಾತೆಯಲ್ಲಿ ಮೊದಲ ಐದು ವರ್ಷ ದರ ಶೇ 0.1ರಷ್ಟು ಹೆಚ್ಚಿದ್ದಿದ್ದರೆ ಕೊನೆಯ ಮೊತ್ತಕ್ಕೆ ಸುಮಾರು 2,100 ರೂಪಾಯಿ ಸೇರುತ್ತಿತ್ತು. ಅದೇ 0.1 ಕೊನೆಯ ಐದು ವರ್ಷ ಹೆಚ್ಚಿದ್ದಿದ್ದರೆ ಸುಮಾರು 7,000. ಖಾತೆ ತೆರೆಯುವ ದಿನದ ದರ ನೋಡಿ ಜನ ಹಿಗ್ಗುತ್ತಾರೆ, ಕುಗ್ಗುತ್ತಾರೆ. ಕೊನೆಯ ಮೊತ್ತವನ್ನು ಹೆಚ್ಚಾಗಿ ತೀರ್ಮಾನಿಸುವುದು ಹತ್ತು ವರ್ಷ ಕಳೆದ ಮೇಲೆ ಬರುವ ದರ.

ನನಗೆ ಇದು ಮನದಟ್ಟಾದದ್ದು 2020ರ ಮಾರ್ಚ್ 31ರಂದು. ಆಗ ಖಾತೆಯಲ್ಲಿ 9,10,416 ಇತ್ತು, ಐದು ಕಂತು ಬಾಕಿ. ಅಂದಿನ 7.9ನ್ನೇ ಮುಂದುವರಿಸಿದರೆ 16.47 ಲಕ್ಷ ಬರಬೇಕಿತ್ತು. ಅದೇ ದಿನ ದರವನ್ನು 7.1ಕ್ಕೆ ಇಳಿಸಿದ ಪ್ರಕಟಣೆ ಹೊರಬಿತ್ತು. ಒಂದು ಪ್ರಕಟಣೆಗೆ ನನ್ನ ಅಂದಾಜು 56,000 ರೂಪಾಯಿ ಇಳಿಯಿತು. ಮರುವರ್ಷ ಮಾರ್ಚ್ 31ಕ್ಕೆ ಮತ್ತೆ 6.4ಕ್ಕೆ ಇಳಿಸಿ ಆದೇಶ ಬಂತು. ಮಾರನೆಯ ಬೆಳಿಗ್ಗೆ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅದನ್ನು ಹಿಂಪಡೆಯುವುದಾಗಿ ತಿಳಿಸಿದರು. ಅಲ್ಲಿಂದ ನನ್ನ ಅವಧಿ ಮುಗಿಯುವ ತನಕ 7.1 ಕದಲಲಿಲ್ಲ.

ಒಂದು ಅಂಕಿಯಲ್ಲ, ಮೂರು

ಅಂದಿನಿಂದ ನಾನು ಮುಂದಿನ ಮೊತ್ತವನ್ನು ಒಂದೇ ಅಂಕಿಯಾಗಿ ಬರೆಯುವುದಿಲ್ಲ. ಮೊದಲ ನಿಯಮ, ಲೆಕ್ಕವನ್ನು ಪಾಸ್‌ಬುಕ್ಕಿನ ಕಳೆದ ಮಾರ್ಚ್ 31ರ ಶಿಲ್ಕಿನಿಂದ ಶುರು ಮಾಡುವುದು. ಅಲ್ಲಿಯವರೆಗೆ ಜಮಾ ಆದ ಬಡ್ಡಿಯನ್ನು ಮುಂದಿನ ಯಾವ ಆದೇಶವೂ ಕಿತ್ತುಕೊಳ್ಳುವುದಿಲ್ಲ. ಊಹೆ ಬೇಕಾಗುವುದು ಉಳಿದ ವರ್ಷಗಳಿಗೆ ಮಾತ್ರ. ಎರಡನೆಯದು, ಆ ಉಳಿದ ವರ್ಷಗಳಿಗೆ ಮೂರು ದರ: ಈಗಿನದು, ಅದಕ್ಕಿಂತ ಕೆಳಗಿನದೊಂದು, ಮೇಲಿನದೊಂದು. ಬಾಯಿಗೆ ಬಂದ ಅಂಕಿ ಬೇಡವೆಂದು ಕೆಳಗಿನದಕ್ಕೆ ಒಂದು ರಾತ್ರಿ ಆದೇಶವಾಗಿದ್ದ 6.4ನ್ನು, ಮೇಲಿನದಕ್ಕೆ 2020ರ ಮಾರ್ಚ್‌ವರೆಗಿದ್ದ 7.9ನ್ನು ಇಟ್ಟುಕೊಂಡಿದ್ದೇನೆ.

ಅವಧಿ ಮುಗಿದ ಖಾತೆಯನ್ನು ನಾನು ಮುಚ್ಚಿಲ್ಲ. ಕಂತು ಕಟ್ಟುತ್ತಾ ಐದು ವರ್ಷ ಮುಂದುವರಿಸಬೇಕೆಂದರೆ ಒಂದು ವರ್ಷದೊಳಗೆ ಫಾರ್ಮ್ 4 ಕೊಡಬೇಕು. ನನಗೆ ಇನ್ನು ಕಟ್ಟುವ ಉದ್ದೇಶವಿಲ್ಲ, ಹಾಗಾಗಿ ಕಂತಿಲ್ಲದೆ ಬಿಟ್ಟಿದ್ದೇನೆ, ಬಡ್ಡಿ ಬರುತ್ತಲೇ ಇರುತ್ತದೆ. 15,91,451 ರೂಪಾಯಿ ಐದು ವರ್ಷದಲ್ಲಿ 6.4ರ ದರದಲ್ಲಿ 21.70 ಲಕ್ಷ, 7.1ರಲ್ಲಿ 22.43 ಲಕ್ಷ, 7.9ರಲ್ಲಿ 23.28 ಲಕ್ಷ ಆಗುತ್ತದೆ. ಹೊಸ ಕಂತು ಸೇರದ ಕಾರಣ ಈಗ ದರಗಳ ಕ್ರಮಕ್ಕೆ ಬೆಲೆಯಿಲ್ಲ. ಮೊದಲು ಏರಿ ಆಮೇಲೆ ಇಳಿದರೂ, ಮೊದಲು ಇಳಿದು ಆಮೇಲೆ ಏರಿದರೂ ಗುಣಾಕಾರ ಒಂದೇ.

ಈ ಮೂರರಲ್ಲಿ ಮನೆಯ ಖರ್ಚಿಗೆಂದು, ಮಗಳಿಗೆ ಕೊಡುವ ಮಾತಿಗೆಂದು ನಾನು ಇಟ್ಟುಕೊಳ್ಳುವುದು 21.70 ಲಕ್ಷದ ಸಾಲನ್ನು. ಆ ಹುಡುಗಿಗೂ ಹಾಗೇ ಹೇಳಿದೆ: ಮೊದಲ ಹತ್ತು ವರ್ಷ ದರ ಏರಲಿ ಇಳಿಯಲಿ ಏಪ್ರಿಲ್ 5ನ್ನು ತಪ್ಪಿಸಬೇಡ. ಹನ್ನೊಂದನೆಯ ವರ್ಷದಿಂದ ಪ್ರತಿ ಮಾರ್ಚ್ ಕೊನೆಗೆ ದರದ ಪ್ರಕಟಣೆ ಓದಿ ಮೂರು ಸಾಲನ್ನೂ ಹೊಸದಾಗಿ ಬರೆ, ಯಾರಿಗಾದರೂ ಮಾತು ಕೊಡುವಾಗ ಕೆಳಗಿನ ಸಾಲನ್ನು ನೋಡಿಕೊಂಡು ಕೊಡು.