ಮಾರಿದ ಸಾಲಪತ್ರ, ಉಳಿದ ಹೊಂದಾಣಿಕೆ: ವರ್ಷಾಂತ್ಯದ ನ್ಯಾಯೋಚಿತ ಮೌಲ್ಯದ ಪಾಠ

ಪಾಠದ ಉದ್ದೇಶ: ವರ್ಷದ ಕೊನೆಯಲ್ಲಿ ಹೊಂದಾಣಿಕೆ ಖಾತೆಗೆ ಎಷ್ಟು ಮೊತ್ತ ಬರೆಯಬೇಕು, ನಡುವೆ ಒಂದು ಪತ್ರ ಮಾರಾಟವಾದರೆ ಏನಾಗುತ್ತದೆ ಎಂಬುದನ್ನು ವಿದ್ಯಾರ್ಥಿ ತಾನೇ ಲೆಕ್ಕ ಹಾಕಿ ತಾಳೆ ನೋಡುವುದು.

ಅಗತ್ಯವಾದ ಪೂರ್ವಜ್ಞಾನ: ಡೆಬಿಟ್, ಕ್ರೆಡಿಟ್ ನಿಯಮ, ಧನ ಮತ್ತು ಋಣ ಸಂಖ್ಯೆಗಳ ಕೂಡುವಿಕೆ, ಕಳೆಯುವಿಕೆ.

ಸ್ವಲ್ಪ ಕಾಲದಲ್ಲೇ ಮಾರಿ ಬೆಲೆಯ ಏರಿಳಿತದಿಂದ ಲಾಭ ಪಡೆಯಲೆಂದು ಕೊಂಡ ಪತ್ರಗಳಿಗೆ ಅಮೆರಿಕದ ಲೆಕ್ಕಪದ್ಧತಿಯಲ್ಲಿ ಟ್ರೇಡಿಂಗ್ ಸೆಕ್ಯುರಿಟಿ ಎನ್ನುತ್ತಾರೆ. ಅಲ್ಲಿನ ಲೆಕ್ಕ ಮಾನದಂಡ ಮಂಡಳಿ 1993ರಲ್ಲಿ ಹೊರಡಿಸಿದ 115ನೆಯ ಮಾನದಂಡದಿಂದ ಈ ವರ್ಗೀಕರಣ ಬಂದಿತು. 2016ರ ತಿದ್ದುಪಡಿಯ ನಂತರ ಈ ಹೆಸರು ಸಾಲಪತ್ರಗಳಿಗೆ, ಅಂದರೆ ಬಾಂಡ್‌ಗಳಿಗೆ ಮಾತ್ರ ಉಳಿದಿದೆ. ಆದ್ದರಿಂದ ನನ್ನ ಉದಾಹರಣೆಯಲ್ಲಿ ಬಾಂಡ್‌ಗಳನ್ನೇ ತೆಗೆದುಕೊಂಡಿದ್ದೇನೆ. ಅವುಗಳನ್ನು ಮುಖಬೆಲೆಗೇ ಕೊಳ್ಳಲಾಗಿದೆ ಎಂದಿಟ್ಟುಕೊಳ್ಳೋಣ. ಬಡ್ಡಿಯ ಲೆಕ್ಕ ಬೇರೆ, ಅದನ್ನು ಇಲ್ಲಿ ತರುವುದಿಲ್ಲ.

ಮೊದಲ ವರ್ಷ

ಒಂದು ಕಂಪನಿ 2023ರಲ್ಲಿ ಮೂರು ಬಾಂಡ್‌ಗಳನ್ನು ಕೊಂಡಿತು. ‘ಅ’ ಬಾಂಡ್‌ಗೆ 40,000, ‘ಬ’ಗೆ 30,000, ‘ಕ’ಗೆ 20,000 ಡಾಲರ್. ಒಟ್ಟು ಕೊಂಡ ಬೆಲೆ 90,000. ಡಿಸೆಂಬರ್ 31ರಂದು ಅವುಗಳ ಮಾರುಕಟ್ಟೆ ಬೆಲೆ ಕ್ರಮವಾಗಿ 43,000, 28,500 ಮತ್ತು 20,500, ಒಟ್ಟು 92,000.

ಏರಿಕೆಯಾದ 2,000ವನ್ನು ಹೂಡಿಕೆ ಖಾತೆಗೇ ಸೇರಿಸುವುದಿಲ್ಲ. ಹೂಡಿಕೆ ಖಾತೆ ಕೊಂಡ ಬೆಲೆಯಲ್ಲೇ ಇರುತ್ತದೆ. ಅದರ ಪಕ್ಕದಲ್ಲಿ ಮೌಲ್ಯ ಹೊಂದಾಣಿಕೆ ಖಾತೆ ಎಂಬ ಇನ್ನೊಂದನ್ನು ತೆರೆದು, ವ್ಯತ್ಯಾಸವನ್ನು ಅದರಲ್ಲಿ ಇಡುತ್ತೇವೆ.

ಮೌಲ್ಯ ಹೊಂದಾಣಿಕೆ ಖಾತೆ — ಡೆಬಿಟ್ 2,000
ಕೈಸೇರದ ಲಾಭ ಖಾತೆ — ಕ್ರೆಡಿಟ್ 2,000

ಬಾಂಡ್ ಇನ್ನೂ ನಮ್ಮಲ್ಲೇ ಇದೆ, ಹಣ ಬಂದಿಲ್ಲ. ಆದ್ದರಿಂದ ‘ಕೈಸೇರದ’ ಲಾಭ. ಆದರೂ ಟ್ರೇಡಿಂಗ್ ವರ್ಗದ ಪತ್ರಗಳಲ್ಲಿ ಇದು ಆ ವರ್ಷದ ನಿವ್ವಳ ಆದಾಯಕ್ಕೇ ಸೇರುತ್ತದೆ. ಅಢಾವೆ ಪತ್ರಿಕೆಯಲ್ಲಿ 90,000ಕ್ಕೆ 2,000 ಕೂಡಿ 92,000 ಎಂದು ತೋರಿಸುತ್ತೇವೆ.

ಮಾರಾಟ

2024ರಲ್ಲಿ ‘ಅ’ ಬಾಂಡನ್ನು 42,000ಕ್ಕೆ ಮಾರಿದರು.

ನಗದು ಖಾತೆ — ಡೆಬಿಟ್ 42,000
ಹೂಡಿಕೆ ಖಾತೆ — ಕ್ರೆಡಿಟ್ 40,000
ಮಾರಾಟದ ಲಾಭ ಖಾತೆ — ಕ್ರೆಡಿಟ್ 2,000

ಈ ನಮೂದನ್ನು ಕಪ್ಪುಹಲಗೆಯ ಮೇಲೆ ಬರೆದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಕಳೆದ ವರ್ಷವೇ ಇದನ್ನು 43,000 ಎಂದು ತೋರಿಸಿ 3,000 ಲಾಭ ಬರೆದಿದ್ದೇವಲ್ಲ ಸರ್? ಈಗ 42,000ಕ್ಕೆ ಹೋಗಿದೆ. ಸಾವಿರ ನಷ್ಟವಾಗಬೇಕು. ಎರಡು ಸಾವಿರ ಲಾಭ ಹೇಗೆ?”

ಪಾಠದ ಗಂಟು ಇರುವುದು ಈ ಪ್ರಶ್ನೆಯಲ್ಲೇ. ಅವಳ ತರ್ಕ ಸರಿಯಾಗಿದೆ. 2024ರಲ್ಲಿ ಆ ಬಾಂಡ್‌ನಿಂದ ಆದದ್ದು ಸಾವಿರದ ಇಳಿಕೆಯೇ. ಆದರೆ ಹೂಡಿಕೆ ಖಾತೆಯಲ್ಲಿ ‘ಅ’ ಇರುವುದು 40,000ಕ್ಕೆ. ಅಲ್ಲಿಂದ 43,000 ತೆಗೆದರೆ 47,000 ಉಳಿಯುತ್ತದೆ. ಉಳಿದ ಎರಡು ಬಾಂಡ್‌ಗಳ ಕೊಂಡ ಬೆಲೆಯೋ 50,000. ಖಾತೆಗೂ ಕೈಯಲ್ಲಿರುವ ಪತ್ರಗಳಿಗೂ ತಾಳೆ ತಪ್ಪುತ್ತದೆ. ಹಾಗಾಗಿ ಮಾರಾಟದ ದಿನ ಕೊಂಡ ಬೆಲೆಯನ್ನು ಮಾತ್ರ ತೆಗೆಯುತ್ತೇವೆ. ಹೊಂದಾಣಿಕೆ ಖಾತೆಯ 2,000 ಡೆಬಿಟ್ ಶಿಲ್ಕನ್ನು ಮುಟ್ಟುವುದಿಲ್ಲ. ಎರಡು ಸಲ ಎಣಿಸಿದ ಲಾಭವನ್ನು ವರ್ಷಾಂತ್ಯದ ನಮೂದು ಹಿಂದಕ್ಕೆ ಪಡೆಯುತ್ತದೆ.

ಎರಡನೆಯ ವರ್ಷದ ಕೊನೆ

2024ರ ಡಿಸೆಂಬರ್ 31ರಂದು ‘ಬ’ ಬೆಲೆ 29,000, ‘ಕ’ ಬೆಲೆ 20,200; ಒಟ್ಟು 49,200. ಕೊಂಡ ಬೆಲೆ 50,000. ಅಂದರೆ ಹೊಂದಾಣಿಕೆ ಖಾತೆಯಲ್ಲಿ ಇರಬೇಕಾದದ್ದು 800 ಕ್ರೆಡಿಟ್ ಶಿಲ್ಕು.

ಹೆಚ್ಚಿನವರು ಇಲ್ಲಿ 800 ಎಂದು ಬರೆದು ಮುಗಿಸುತ್ತಾರೆ. 800 ಎಂಬುದು ತಲುಪಬೇಕಾದ ಜಾಗ. ನಮೂದಿನ ಮೊತ್ತವಾದರೋ ನಡೆಯಬೇಕಾದ ದೂರ. ಇದಕ್ಕೆ ಹಲಗೆಯ ಮೇಲೆ ಸಂಖ್ಯಾರೇಖೆ ಎಳೆದೆ. ಡೆಬಿಟ್ಟನ್ನು ಧನ, ಕ್ರೆಡಿಟ್ಟನ್ನು ಋಣ ಎಂದುಕೊಂಡರೆ ಈಗ ನಾವು +2,000ದಲ್ಲಿ ನಿಂತಿದ್ದೇವೆ, ಹೋಗಬೇಕಾದದ್ದು −800ಕ್ಕೆ. ಸೊನ್ನೆಯವರೆಗೆ 2,000, ಅಲ್ಲಿಂದ ಮುಂದೆ 800. ಒಟ್ಟು 2,800 ಹೆಜ್ಜೆ ಋಣದ ಕಡೆಗೆ.

ಕೈಸೇರದ ನಷ್ಟ ಖಾತೆ — ಡೆಬಿಟ್ 2,800
ಮೌಲ್ಯ ಹೊಂದಾಣಿಕೆ ಖಾತೆ — ಕ್ರೆಡಿಟ್ 2,800

ಬರೀ 800 ಬರೆದಿದ್ದರೆ ಹೊಂದಾಣಿಕೆ ಖಾತೆಯಲ್ಲಿ 1,200 ಡೆಬಿಟ್ ಉಳಿದು, 49,200 ಬೆಲೆಯ ಬಾಂಡ್‌ಗಳು ಅಢಾವೆ ಪತ್ರಿಕೆಯಲ್ಲಿ 51,200 ಎಂದು ಕಾಣುತ್ತಿದ್ದವು. 2,000ದಲ್ಲಿ 800 ಕಳೆದು 1,200 ಎಂದು ಬರೆದವರಿಗೆ 50,800 ಸಿಗುತ್ತದೆ. ತಪ್ಪನ್ನು ಹಿಡಿಯುವ ದಾರಿ ಒಂದೇ: ನಮೂದಾದ ಮೇಲೆ ಹೂಡಿಕೆ ಖಾತೆಯನ್ನೂ ಹೊಂದಾಣಿಕೆ ಖಾತೆಯನ್ನೂ ಕೂಡಿದರೆ ಮಾರುಕಟ್ಟೆ ಬೆಲೆಯೇ ಬರಬೇಕು. 50,000ದಲ್ಲಿ 800 ಕಳೆದರೆ 49,200. ಸರಿಹೋಯಿತು.

ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ

ಈಗ 2024ರ ಆದಾಯ ನೋಡೋಣ. ಮಾರಾಟದ ಲಾಭ 2,000, ಕೈಸೇರದ ನಷ್ಟ 2,800. ಒಟ್ಟಿನಲ್ಲಿ 800 ನಷ್ಟ.

ಇದನ್ನು ಖಾತೆಗಳನ್ನು ನೋಡದೆ, ಬೆಲೆಗಳಿಂದಲೇ ಪರೀಕ್ಷಿಸಬಹುದು. ಆ ವರ್ಷ ‘ಅ’ 43,000ದಿಂದ 42,000ಕ್ಕೆ ಇಳಿಯಿತು: ಸಾವಿರ ನಷ್ಟ. ‘ಬ’ 28,500ರಿಂದ 29,000ಕ್ಕೆ ಏರಿತು: 500 ಲಾಭ. ‘ಕ’ 20,500ರಿಂದ 20,200ಕ್ಕೆ ಇಳಿಯಿತು: 300 ನಷ್ಟ. ಮೂರನ್ನೂ ಕೂಡಿದರೆ 800 ನಷ್ಟ. ಅವಳು ಕೇಳಿದ ಸಾವಿರ ರೂಪ ಬದಲಿಸಿ ಒಳಗೇ ಇದೆ. ಮಾರಾಟದ ಸಾಲಿನಲ್ಲಿ 2,000 ಲಾಭವಾಗಿಯೂ, 2,800ರ ಒಳಗೆ ‘ಅ’ಯ ಹಳೆಯ 3,000ದ ರದ್ದತಿಯಾಗಿಯೂ ಅದು ಕುಳಿತಿದೆ.

ಕೆಲವರು ಮಾರಾಟದ ದಿನವೇ ‘ಅ’ಗೆ ಸೇರಿದ 3,000ವನ್ನು ಹೊಂದಾಣಿಕೆ ಖಾತೆಯಿಂದ ತೆಗೆದು, ಸಾವಿರ ನಷ್ಟ ಬರೆಯುತ್ತಾರೆ. ಆಗ ಹೊಂದಾಣಿಕೆ ಖಾತೆ 1,000 ಕ್ರೆಡಿಟ್ಟಿಗೆ ಬರುತ್ತದೆ; 800 ಕ್ರೆಡಿಟ್ಟಿಗೆ ತರಲು ವರ್ಷಾಂತ್ಯದಲ್ಲಿ 200 ಕೈಸೇರದ ಲಾಭ ಬರೆದರೆ ಸಾಕು. ಒಟ್ಟು ನಷ್ಟ ಮತ್ತೆ 800. ಎರಡೂ ದಾರಿ ಒಂದೇ ಊರಿಗೆ ಹೋಗುತ್ತವೆ; ಒಂದರಲ್ಲಿ ಹೊರಟು ಅರ್ಧದಲ್ಲಿ ಇನ್ನೊಂದಕ್ಕೆ ತಿರುಗಬಾರದು, ಅಷ್ಟೆ.

ಎಲ್ಲಿ ಅನ್ವಯಿಸುವುದಿಲ್ಲ

ನಮ್ಮ ದೇಶದ ಹಳೆಯ ಲೆಕ್ಕ ಮಾನದಂಡ 13ನ್ನು ಪಾಲಿಸುವ ಸಂಸ್ಥೆಗಳಿಗೆ ಈ ಪಾಠವನ್ನು ಹಾಗೆಯೇ ಹಚ್ಚಬಾರದು. ಅಲ್ಲಿ ಚಾಲ್ತಿ ಹೂಡಿಕೆಯನ್ನು ಕೊಂಡ ಬೆಲೆ ಮತ್ತು ನ್ಯಾಯೋಚಿತ ಮೌಲ್ಯಗಳಲ್ಲಿ ಕಡಿಮೆಯದಕ್ಕೆ ತೋರಿಸುತ್ತಾರೆ. ಬೆಲೆ ಕೊಂಡದ್ದಕ್ಕಿಂತ ಮೇಲೇರಿದ ಲಾಭ ಮಾರುವವರೆಗೆ ಪುಸ್ತಕಕ್ಕೆ ಬರುವುದಿಲ್ಲ. ಇಂಡ್ ಎಎಸ್ 109ನ್ನು ಅನುಸರಿಸುವ ಕಂಪನಿಗಳಲ್ಲಿ ಮಾತ್ರ, ವಹಿವಾಟಿಗೆಂದು ಇಟ್ಟ ಪತ್ರಗಳ ಏರಿಕೆ, ಇಳಿಕೆ ಎರಡೂ ಲಾಭ-ನಷ್ಟಕ್ಕೆ ಸೇರುತ್ತವೆ.

ಮೌಲ್ಯಮಾಪನ

2025ರಲ್ಲಿ ‘ಬ’ ಬಾಂಡ್ 29,400ಕ್ಕೆ ಮಾರಾಟವಾಯಿತು. ವರ್ಷಾಂತ್ಯದಲ್ಲಿ ‘ಕ’ ಬೆಲೆ 20,600. ನಮೂದುಗಳನ್ನು ಬರೆಯಿರಿ.

ಉತ್ತರ: ಮಾರಾಟದಲ್ಲಿ 600 ನಷ್ಟ. ಹೊಂದಾಣಿಕೆ ಖಾತೆ 800 ಕ್ರೆಡಿಟ್ಟಿನಿಂದ 600 ಡೆಬಿಟ್ಟಿಗೆ ಬರಬೇಕು, ಆದ್ದರಿಂದ ಕೈಸೇರದ ಲಾಭ 1,400. ವರ್ಷದ ನಿವ್ವಳ ಲಾಭ 800. ಬೆಲೆಗಳಿಂದ ತಾಳೆ: ಎರಡೂ ಬಾಂಡ್ ಆ ವರ್ಷ ತಲಾ 400 ಏರಿವೆ.