ಕಷಾಯಕ್ಕೆ ಬಗ್ಗದ ಒಣಕೆಮ್ಮು

ಕೆಲವು ವರ್ಷಗಳ ಹಿಂದೆ ಲಾರಿ ಚಾಲಕರೊಬ್ಬರು ಒಣಕೆಮ್ಮಿಗೆ ಕಷಾಯ ಬಯಸಿ ನಮ್ಮಲ್ಲಿಗೆ ಬಂದಿದ್ದರು. ಮೂರು ವಾರಗಳ ಕೆಮ್ಮು, ಸಣ್ಣ ಜ್ವರ, ಮೆಟ್ಟಿಲು ಹತ್ತಿದರೆ ಏದುಸಿರು. ಎದೆಯಲ್ಲಿ ವಿಶೇಷ ಶಬ್ದವೇನೂ ಕೇಳಿಸಲಿಲ್ಲ. ಆದರೆ ಕುಳಿತಿದ್ದಾಗ ಶೇ. 93 ಇದ್ದ ರಕ್ತದ ಆಮ್ಲಜನಕ, ಅಂಗಳದಲ್ಲಿ ಎರಡು ಸುತ್ತು ನಡೆದೊಡನೆ 85ಕ್ಕೆ ಇಳಿಯಿತು. ಈ ಕುಸಿತ ಕಂಡು ನಮಗೆ ನ್ಯುಮೋಸಿಸ್ಟಿಸ್ ನ್ಯುಮೋನಿಯಾದ ಸಂಶಯ ಬಂದಿತು. ಇದು ಕಷಾಯದಿಂದ ಗುಣವಾಗುವಂಥದ್ದಲ್ಲವೆಂದು ತಿಳಿಸಿ ಅಂದೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಅಲ್ಲಿ ರೋಗ ಖಚಿತವಾಯಿತು. ಎಚ್‌ಐವಿ ಸೋಂಕೂ ಪತ್ತೆಯಾಯಿತು. ಸಿಡಿ4 ಎಂಬ ರಕ್ಷಕ ಕಣಗಳು 80 ಮಾತ್ರ ಇದ್ದವು. ಅವು 200ಕ್ಕಿಂತ ಕೆಳಗಿಳಿದವರನ್ನೇ ಈ ರೋಗ ಹೆಚ್ಚಾಗಿ ಹಿಡಿಯುವುದು.

ಈ ರೋಗಾಣು ಶಿಲೀಂಧ್ರವೇ ಆದರೂ ಸಾಮಾನ್ಯ ಶಿಲೀಂಧ್ರನಾಶಕಗಳು ಇದರ ಮೇಲೆ ನಡೆಯುವುದಿಲ್ಲ. ಅವು ಹೊಡೆಯುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಶ ಇದರ ಹೊದಿಕೆಯಲ್ಲಿಲ್ಲ. ಕೋಟ್ರೈಮಾಕ್ಸಜೋಲ್ ಆದರೋ ರೋಗಾಣು ತನಗೆ ಬೇಕಾದ ಫೋಲೇಟನ್ನು ತಯಾರಿಸಿಕೊಳ್ಳದಂತೆ ತಡೆಯುತ್ತದೆ. ಪ್ರಮಾಣ ಮಾತ್ರ ದೊಡ್ಡದು: ಅದರಲ್ಲಿರುವ ಟ್ರೈಮೆಥೊಪ್ರಿಮ್ ಅಂಶವನ್ನು ಲೆಕ್ಕಕ್ಕೆ ಹಿಡಿದು ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 15ರಿಂದ 20 ಮಿಲಿಗ್ರಾಂ. 60 ಕಿಲೋ ತೂಗುವ ಈ ರೋಗಿಗೆ 160 ಮಿಲಿಗ್ರಾಮಿನ ಮಾತ್ರೆ ಎರಡೆರಡರಂತೆ ಮೂರು ಹೊತ್ತು, 21 ದಿನ. ಮೂತ್ರದ ಸೋಂಕಿಗೆ ಕೊಡುವುದರ ಮೂರು ಪಟ್ಟು ಇದು. ಮೂತ್ರಪಿಂಡ ದುರ್ಬಲವಿದ್ದರೆ ತಗ್ಗಿಸಬೇಕಾಗುತ್ತದೆ.

ಮೊದಲ ರಾತ್ರಿಯೇ ಅವರ ಅಣ್ಣ ದೂರವಾಣಿಯಲ್ಲಿ, "ಮೊದಲೇ ಶಕ್ತಿ ಕುಂದಿದವನಿಗೆ ಸ್ಟೆರಾಯ್ಡ್ ಕೊಡುತ್ತಿದ್ದಾರೆ, ಬೇಡವೆನ್ನಲೇ ಡಾಕ್ಟರೇ?" ಎಂದು ಕೇಳಿದರು. ಬೇಡವೆನ್ನಬೇಡಿ ಎಂದೆವು. ಔಷಧಕ್ಕೆ ಸಿಕ್ಕು ರೋಗಾಣುಗಳು ಸಾಯತೊಡಗಿದಾಗ ಶ್ವಾಸಕೋಶ ಇನ್ನಷ್ಟು ಉರಿಯೂತಗೊಳ್ಳುತ್ತದೆ. ಮೊದಲ ಮೂರು ನಾಲ್ಕು ದಿನ ಉಸಿರಾಟ ಕೆಡುವುದು ಇದರಿಂದಲೇ. ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ 70ಕ್ಕಿಂತ ಕಡಿಮೆಯಿದ್ದರೆ ಸ್ಟೆರಾಯ್ಡ್ ಜೀವ ಉಳಿಸುತ್ತದೆ. ಇವರದು 62 ಇತ್ತು. ಔಷಧ ಆರಂಭವಾಗಿ 72 ಗಂಟೆಗಳೊಳಗೆ ಅದನ್ನು ಕೊಡಬೇಕು. ಪ್ರೆಡ್ನಿಸೋಲೋನ್ 40 ಮಿಲಿಗ್ರಾಂ ಎರಡು ಹೊತ್ತು ಐದು ದಿನ, ಒಂದು ಹೊತ್ತು ಐದು ದಿನ, ಬಳಿಕ 20 ಮಿಲಿಗ್ರಾಂ ಹನ್ನೊಂದು ದಿನ. ಆರನೆಯ ದಿನ ಅವರಿಗೆ ಉಸಿರು ಹಗುರಾಯಿತು. ಎಂಟು ದಿನವಾದರೂ ಹಗುರಾಗದಿದ್ದರೆ ವೈದ್ಯರು ಬೇರೆ ಔಷಧವನ್ನೂ ಬೇರೆ ಸೋಂಕನ್ನೂ ಯೋಚಿಸಬೇಕಾಗುತ್ತದೆ.

ಹತ್ತನೆಯ ದಿನ ಮೈಮೇಲೆ ತುರಿಕೆಯ ದದ್ದು ಎದ್ದಿತು. ಈ ಔಷಧದಲ್ಲಿ ಅದು ಸಾಮಾನ್ಯ. ತುರಿಕೆಯ ಮಾತ್ರೆ ಕೊಟ್ಟು ಮುಂದುವರಿಸಿದರು. ಆದರೆ ಬಾಯಿ, ಕಣ್ಣುಗಳಲ್ಲಿ ಹುಣ್ಣಾದರೆ, ಚರ್ಮ ಬೊಬ್ಬೆಯೆದ್ದರೆ ಒಡನೆಯೇ ನಿಲ್ಲಿಸಬೇಕು. ರಕ್ತದ ಪೊಟ್ಯಾಸಿಯಂ ಏರುವುದುಂಟು, ರಕ್ತಕಣಗಳು ಇಳಿಯುವುದುಂಟು. ಅದಕ್ಕಾಗಿಯೇ ಆಸ್ಪತ್ರೆಯವರು ಪದೇ ಪದೇ ರಕ್ತ ತೆಗೆಯುತ್ತಿದ್ದರು.

ಎರಡು ವಾರ ತುಂಬುವ ಮುನ್ನವೇ ಎಚ್‌ಐವಿ ಚಿಕಿತ್ಸೆಯೂ ಆರಂಭವಾಯಿತು. 21 ದಿನ ಮುಗಿದ ಮೇಲೆ ಅದೇ ಮಾತ್ರೆ ದಿನಕ್ಕೊಂದು. ಕೆಮ್ಮೇ ಇಲ್ಲದಿರುವಾಗ ಇದೇಕೆಂದು ಅವರು ನಮ್ಮನ್ನು ಎರಡು ಸಲ ಕೇಳಿದರು. ಸಿಡಿ4 ಕಡಿಮೆಯಿರುವ ತನಕ ರೋಗ ಮರುಕಳಿಸಬಲ್ಲದು; ಎಣಿಕೆ 200 ದಾಟಿ ಮೂರು ತಿಂಗಳು ನಿಂತ ಮೇಲೆಯೇ ಮಾತ್ರೆ ಬಿಡಬಹುದು. ಅವರಿಗೆ 200 ದಾಟಿದ್ದು ಹನ್ನೊಂದನೆಯ ತಿಂಗಳಲ್ಲಿ. ವೈದ್ಯರು ಮಾತ್ರೆ ನಿಲ್ಲಿಸಿದ್ದು ಹದಿನಾಲ್ಕನೆಯದರಲ್ಲಿ.